ರಸೀದಿ ನಂಬರ್ ಕಾಣೆಯಾದರೆ

ಕಳೆದ ರಾಜ್ಯೋತ್ಸವದ ಚಂದಾ ಲೆಕ್ಕ ನೋಡುವಾಗ ನಮಗೆ ಎದುರಾದದ್ದನ್ನೇ ಹೇಳ್ತೀವಿ.

ಪಟ್ಟಿಯಲ್ಲಿ ಮೊದಲ ರಸೀದಿ 201, ಕೊನೆಯದು 288. ಕಳೆದು ಒಂದು ಕೂಡಿಸಿದರೆ 88 ಇರಬೇಕು. ಇದ್ದದ್ದು 87 ಸಾಲು. ಒಂದೇ ರಸೀದಿ ಕಾಣೆ ಅಂದುಕೊಂಡೆವು. ಅದು ತಪ್ಪಾಗಿತ್ತು.

ನಂಬರುಗಳನ್ನು ಎಕ್ಸೆಲ್‌ನಲ್ಲಿ A2ರಿಂದ ಏರಿಕೆ ಕ್ರಮದಲ್ಲಿ ಜೋಡಿಸಿ, B3ಯಲ್ಲಿ ಹೀಗೆ ಬರೆದು ಕೆಳಗಿನವರೆಗೂ ಎಳೆದೆವು:

```
=A3-A2
```

ಎಲ್ಲ ಕಡೆ 1 ಬರಬೇಕು. ಎರಡು ಕಡೆ 2 ಬಂತು, ಅಂದ್ರೆ 237 ಮತ್ತು 265 ಇಲ್ಲ. ಒಂದು ಕಡೆ 0 ಬಂತು, ಅಂದ್ರೆ 251 ಎರಡು ಸಲ ಇದೆ. ಈ ಜೋಡಿಯೇ ಒಂದು ಕೊರತೆಯನ್ನು ಮುಚ್ಚಿಟ್ಟಿತ್ತು.

ಚಂದಾ ಎತ್ತಿದ ಹುಡುಗನ ಮೇಲೆ ಆಗಲೇ ಗುಸುಗುಸು ಶುರುವಾಗಿತ್ತು. ರಸೀದಿ ಪುಸ್ತಕ ತೆರೆದು ನೋಡಿದೆವು. 237 ರದ್ದಾಗಿತ್ತು, ಎರಡೂ ಪ್ರತಿ ಅಲ್ಲೇ ಇದ್ದವು. 265ರ ಕಾರ್ಬನ್ ಪ್ರತಿಯಲ್ಲಿದ್ದ ಹೆಸರು, 500 ರೂಪಾಯಿ ಎರಡೂ ಪಟ್ಟಿಯ ಎರಡನೇ 251ರ ಸಾಲಿನಲ್ಲಿದ್ದವು. ನಂಬರ್ ಬರೆದದ್ದು ತಪ್ಪು, ದುಡ್ಡು ಜಮಾ ಆಗಿತ್ತು.

ಒಂದು ಮಾತು ನೆನಪಿಡಿ: ಕೊನೆಯ ಹಾಳೆ ಹರಿದಿದ್ದರೆ ಈ ಲೆಕ್ಕಕ್ಕೆ ಸಿಗಲ್ಲ. ಪುಸ್ತಕ 300ರವರೆಗಿತ್ತು. 289ರಿಂದ 300ರವರೆಗೆ ಖಾಲಿ ಹಾಳೆಗಳಿವೆಯೇ ಅಂತ ಕೈಯಾರೆ ಎಣಿಸಿದ ಮೇಲೇ ಸಹಿ ಹಾಕಿದೆವು.