ಹೊಸ ತಮ್ಮ ತಂಗಿಯರಿಗೆ ನಾಲ್ಕು ಮಾತು
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ವಿದ್ಯಾರ್ಥಿ ಪ್ರತಿನಿಧಿಯ ಸ್ವಾಗತ ಭಾಷಣ)

ವೇದಿಕೆಯ ಮೇಲಿರುವ ಹಿರಿಯರೇ, ದಾನಿಗಳೇ, ಕಂಪ್ಲಿ, ಸಂಡೂರು, ಹಂಪಿ ಕಡೆಯಿಂದ ಬಂದಿರುವ ಪೋಷಕರೇ, ಈ ವರ್ಷ ಇಂಜಿನಿಯರಿಂಗ್ ಸೇರಿರುವ ತಮ್ಮಂದಿರೇ, ತಂಗಿಯರೇ, ನಿಮಗೆಲ್ಲ ಪ್ರೀತಿಯ ಸ್ವಾಗತ.

ಎರಡು ವರ್ಷದ ಹಿಂದೆ ನಾನೂ ನಿಮ್ಮ ಜಾಗದಲ್ಲೇ ಕುಳಿತಿದ್ದೆ. ಆಗ ಯಾರೂ ಹೇಳದೇ ಇದ್ದ ಒಂದು ವಿಷಯವನ್ನು ಇವತ್ತು ಹೇಳುತ್ತೇನೆ.

ಪಿಯುಸಿಯಲ್ಲಿ ನಾವು ಕೊನೆಯ ಎರಡು ತಿಂಗಳು ರಾತ್ರಿ ಹಗಲು ಓದಿ ಪಾಸಾದವರು. ಇಲ್ಲಿ ಅದು ನಡೆಯುವುದಿಲ್ಲ. ವಿಟಿಯುನ ಸ್ಕೀಮಿನಲ್ಲಿ ಒಂದು ಥಿಯರಿ ವಿಷಯದ 100 ಅಂಕಗಳಲ್ಲಿ 50 ಅಂಕ ಕಾಲೇಜಿನ ಇಂಟರ್ನಲ್‌ಗೇ ಸೇರುತ್ತದೆ. ಅದರಲ್ಲಿ ಕನಿಷ್ಠ 20 ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತೆಯೇ ಇಲ್ಲ. ಅಂದರೆ ಕೊನೆಯಲ್ಲಿ ಓದೋಣ ಎಂದು ಕುಳಿತವರಿಗೆ ಆ ಕೊನೆಯೇ ಸಿಗದೇ ಹೋಗಬಹುದು.

ನನ್ನ ಮೊದಲ ಗಣಿತ ಇಂಟರ್ನಲ್ ಕೆಟ್ಟಿತು. ಓದಿರಲಿಲ್ಲ ಎಂದಲ್ಲ. ಕಂಪ್ಲಿ ಬಸ್ಸಿನಲ್ಲಿ ಕೂತು ನೋಟ್ಸನ್ನು ನಾಲ್ಕು ಸಲ ಓದಿದ್ದೆ, ಎಲ್ಲಾ ಗೊತ್ತಿದೆ ಅನ್ನಿಸಿತ್ತು. ಪರೀಕ್ಷೆಯಲ್ಲಿ ದೊಡ್ಡ ಲೆಕ್ಕದ ನಡುವೆ x² sin x ಅನ್ನು ಡಿಫರೆನ್ಷಿಯೇಟ್ ಮಾಡಬೇಕಿತ್ತು. ಎರಡನ್ನೂ ಬೇರೆ ಬೇರೆ ಮಾಡಿ ಗುಣಿಸಿ 2x cos x ಎಂದು ಬರೆದೆ. ಸರಿಯಾದ ಉತ್ತರ 2x sin x + x² cos x. ಅಲ್ಲಿಂದ ಮುಂದಿನ ಹೆಜ್ಜೆಗಳೆಲ್ಲ ತಪ್ಪಿದವು. ಬೇರೆಯವರು ಬಿಡಿಸಿದ ಲೆಕ್ಕ ಓದುವಾಗ ಕಣ್ಣಿಗೆ ಪರಿಚಯವಾಗುತ್ತದೆ ಅಷ್ಟೇ, ಕೈಗೆ ಬಂದಿರುವುದಿಲ್ಲ.

ಆಮೇಲೆ ರೂಢಿ ಬದಲಿಸಿದೆ. ಅಂದಿನ ಪಾಠದ ಒಂದು ಲೆಕ್ಕವನ್ನು ಅಂದೇ ಸಂಜೆ, ನೋಟ್ಸ್ ಮುಚ್ಚಿ, ಖಾಲಿ ಹಾಳೆಯ ಮೇಲೆ ಮಾಡುವುದು. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ಗೆರೆ ಎಳೆದು, ನಂತರ ನೋಟ್ಸ್ ತೆರೆಯುವುದು. ಅದೇ ಲೆಕ್ಕವನ್ನು ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಮಾಡುವುದು. ಗೆರೆ ಎರಡು ಸಲ ಒಂದೇ ಕಡೆ ಬಿದ್ದರೆ ಅದು ಮರೆವು ಅಲ್ಲ, ಅರ್ಥವೇ ಆಗಿಲ್ಲ. ಆಗ ಆ ಹಾಳೆ ಹಿಡಿದು ಮೇಷ್ಟ್ರ ಹತ್ತಿರ ಹೋಗಿ. "ಏನೂ ಅರ್ಥವಾಗಿಲ್ಲ ಸರ್" ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದು. "ಈ ಸಾಲಿನಿಂದ ಈ ಸಾಲು ಹೇಗೆ ಬಂತು ಸರ್" ಎಂದು ಕೇಳಿ, ಐದು ನಿಮಿಷದಲ್ಲಿ ಬಿಡಿಸುತ್ತಾರೆ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಕೇಳಿ. ನಾನು ಹಾಗೇ ಕೇಳಿದೆ.

ಈ ಪದ್ಧತಿಗೆ ಸಮಯ ಹಿಡಿಯುತ್ತದೆ. ದಿನಕ್ಕೆ ಎಲ್ಲಾ ವಿಷಯ ಆಗುವುದಿಲ್ಲ. ನಾನು ಗಣಿತಕ್ಕೂ, ನನಗೆ ಕಷ್ಟವೆನಿಸಿದ ಇನ್ನೊಂದು ವಿಷಯಕ್ಕೂ ಮಾತ್ರ ಇಟ್ಟುಕೊಂಡೆ. ಎರಡನೇ ಇಂಟರ್ನಲ್ ನನ್ನನ್ನು ಉಳಿಸಿತು.

ಅಮ್ಮಿ ಅಬ್ಬಾಂದಿರಿಗೆ ಒಂದು ವಿನಂತಿ. "ಎಷ್ಟು ಹೊತ್ತು ಓದಿದೆ" ಎಂದು ಕೇಳಬೇಡಿ. "ಮೊದಲ ಇಂಟರ್ನಲ್‌ನಲ್ಲಿ ಎಷ್ಟು ಬಂತು, ಎಲ್ಲಿ ತಪ್ಪಿತು" ಎಂದು ಕೇಳಿ. ಬೈಯದೆ ಕೇಳಿದರೆ ಮಕ್ಕಳು ನಿಜ ಹೇಳುತ್ತಾರೆ, ಸರಿಪಡಿಸಲು ಇನ್ನೂ ಸಮಯ ಇರುತ್ತದೆ.

ತಮ್ಮಂದಿರೇ, ತಂಗಿಯರೇ, ಮೊದಲ ಇಂಟರ್ನಲ್ ಆದ ಮೇಲೆ ನಿಮ್ಮ ಉತ್ತರ ಪತ್ರಿಕೆ ತೆಗೆದುಕೊಂಡು ನನ್ನ ಹತ್ತಿರ ಬನ್ನಿ, ಕೂತು ನೋಡೋಣ.