ಮುಚ್ಚಳದ ಕೆಳಗಿನ ರೊಟ್ಟಿ



ಕಳೆದ ತಿಂಗಳು ಹತ್ತಿರದ ಹಳ್ಳಿಯ ಒಬ್ಬ ತರುಣ ಮಠಕ್ಕೆ ಬಂದಿದ್ದ. ಅವನ ಆಯಿ ಲಿಂಗೈಕ್ಯರಾಗಿದ್ದರು. ಶಿವಗಣಾರಾಧನೆಯ ದಿನ ಓದಲೆಂದು ನುಡಿನಮನ ಬರೆದು ತಂದಿದ್ದ. “ತಪ್ಪಿದ್ರ ತಿದ್ದಿಕೊಡ್ರಿ ಅಜ್ಜಾರ” ಎಂದು ಹಾಳೆಯನ್ನು ನಮ್ಮ ಮುಂದಿಟ್ಟ. ದಯಾಮಯಿ, ದಾಸೋಹಮೂರ್ತಿ, ಸಹನಾಶೀಲೆ, ಕಾಯಕನಿಷ್ಠೆ, ಶಿವಭಕ್ತೆ ಎಂದು ಸಾಲುಗಟ್ಟಿ ಬರೆದಿತ್ತು. ಅಕ್ಷರದೋಷ ಒಂದೂ ಇರಲಿಲ್ಲ. ಆದರೆ ಹೆಸರೊಂದನ್ನು ಬದಲಿಸಿದರೆ ಯಾವ ಮನೆಯ ಆಯಿಗಾದರೂ ಓದಬಹುದಿತ್ತು.

ನಾವು ಪಾಠಶಾಲೆಯಲ್ಲಿದ್ದಾಗ ಗುರುಗಳು ವಿಶೇಷಣಕ್ಕೆ ‘ನೀಲೋತ್ಪಲ’ದ ಉದಾಹರಣೆ ಕೊಡುತ್ತಿದ್ದರು. ‘ನೀಲ’ ಎಂಬ ಮಾತು ಈ ನೈದಿಲೆಯನ್ನು ಬೇರೆ ಬಣ್ಣದ ನೈದಿಲೆಗಳಿಂದ ಬೇರ್ಪಡಿಸುತ್ತದೆ. ಬೇರ್ಪಡಿಸದಿದ್ದರೆ ಆ ಮಾತಿಗೆ ಅಲ್ಲಿ ಕೆಲಸವಿಲ್ಲ. ಹುಡುಗನ ಹಾಳೆಯಲ್ಲಿ ಕೆಲಸವಿಲ್ಲದ ಮಾತುಗಳೇ ತುಂಬಿದ್ದವು.

“ದಾಸೋಹಮೂರ್ತಿ ಅಂತ ಬರೆದೀಯಲ್ಲ, ನೀನು ಏನು ಕಂಡೆ?” ಎಂದು ಕೇಳಿದೆವು. ಮೊದಲು ಸುಮ್ಮನಿದ್ದ. ಆಮೇಲೆ ಹೇಳಿದ. ಅವರ ಮನೆ ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ ಇತ್ತಂತೆ. ರಾತ್ರಿ ಎಲ್ಲರ ಊಟವಾದ ಮೇಲೂ ಆಯಿ ಎರಡು ರೊಟ್ಟಿಯನ್ನು ಮುಚ್ಚಳದ ಕೆಳಗೆ ಇಡುತ್ತಿದ್ದರಂತೆ, ಕಡೆಯ ಬಸ್ ತಪ್ಪಿಸಿಕೊಂಡವರಿಗೆಂದು. ಯಾರೂ ಬಾರದಿದ್ದರೆ ಬೆಳಿಗ್ಗೆ ಅವನ್ನೇ ಮುರಿದು ಒಗ್ಗರಣೆ ಹಾಕುತ್ತಿದ್ದರು. “ಯಾರೂ ಬಸ್ ತಪ್ಪಿಸ್ಕೊಬಾರದಪ್ಪಾ ಅಂತ ನಾವು ಹುಡುಗರು ಬೇಡಿಕೋತಿದ್ವಿ” ಎಂದು ನಕ್ಕ. ಇದನ್ನೇ ಬರೆ, ‘ದಾಸೋಹಮೂರ್ತಿ’ಯನ್ನು ಹೊಡೆದುಹಾಕು ಎಂದೆವು.

‘ಸಹನಾಶೀಲೆ’ಯ ಹತ್ತಿರ ಪೆನ್ನು ನಿಂತಿತು. ಆಯಿಗೆ ಸಿಟ್ಟು ಬಹಳವಂತೆ. ಬೈಯುತ್ತಿರಲಿಲ್ಲ, ಮರ ತೆಗೆದುಕೊಂಡು ಜೋಳ ಕೇರಲು ಕೂಡುತ್ತಿದ್ದರು. ಮರದ ಸಪ್ಪಳ ಕೇಳಿದರೆ ಮನೆಯವರೆಲ್ಲ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು. “ಸಿಟ್ಟಿನ ಮಾತು ಬರೀಬಹುದೇನ್ರಿ?” ಎಂದು ಅಂಜಿದ. ಬದುಕಿರುವವರ ಮಾನ ಹೋಗುವ ಸಂಗತಿಯಾದರೆ ಬೇಡ, ಇದಕ್ಕೆ ಅಡ್ಡಿಯಿಲ್ಲ ಎಂದೆವು. ಸಹನೆಯ ಹೊಗಳಿಕೆಯನ್ನು ಓದಿದ್ದರೆ ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಉಳಿದ ಗುಣಗಳಿಗೂ ಒಂದೊಂದು ಕಥೆ ಹುಡುಕಹೊರಟ. ಬೇಡವೆಂದು ತಡೆದೆವು, ಹಾಗೆ ಮಾಡಿದರೆ ಗುಣಗಳ ಪಟ್ಟಿ ಹೋಗಿ ಕಥೆಗಳ ಪಟ್ಟಿಯಾಗುತ್ತದೆ. ಇನ್ನೊಂದು ಸಾಕು: ಕಣ್ಣು ಮಂಜಾದ ಮೇಲೆ ಆಯಿ ಪತ್ರಿಯ ಎಲೆಗಳನ್ನು ಬೆರಳಿನಿಂದ ಸವರಿ, ಹರಿದವನ್ನು ಬದಿಗಿಟ್ಟು ಲಿಂಗಪೂಜೆಗೆ ಕೂಡುತ್ತಿದ್ದುದು.

ನಾಲ್ಕೈದು ನಿಮಿಷದ ಓದಾಯಿತು. “ಸಭೆಯಲ್ಲಿ ಓದುವ ಮುಂಚೆ ಅಡುಗೆಮನೆಯಲ್ಲಿ ಓದು. ಯಾರಾದರೂ ತಿದ್ದಿದರೆ ಬರೆದದ್ದು ನಿಮ್ಮ ಆಯಿಯ ಬಗೆಗೇ ಎಂದು ತಿಳಿ. ಎಲ್ಲರೂ ಚಲೋ ಆಗೇದ ಅಂದು ಸುಮ್ಮನಾದರೆ ಮತ್ತೆ ಬಾ” ಎಂದು ಹೇಳಿ ಕಳಿಸಿದೆವು.

ಆರಾಧನೆಗೆ ನಾವು ಹೋದಾಗ ಹಾಳೆಯಲ್ಲಿ ಒಂದು ಕಡೆ ಕಾಟು ಹೊಡೆದು ತಿದ್ದಿದ್ದು ಕಂಡಿತು. ಕೇಳಿದೆವು. ಅವನ ಸೋದರತ್ತಿ ಅರ್ಧಕ್ಕೇ ತಡೆದಿದ್ದರಂತೆ: “ಎರಡಲ್ಲೋ, ಮೂರು ರೊಟ್ಟಿ ಇಡ್ತಿದ್ಳು. ಒಂದು ನಾಯಿಗೆ.”