ಕತ್ತೆ, ಹತ್ತಿ ಮತ್ತು ವಾಪಸ್ ಬಂದ ಪೋಸ್ಟರ್

(ಸುವೈಕ್‌ನಲ್ಲಿ ನಮ್ಮ ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತು. ಹೆಚ್ಚುಕಡಿಮೆ ಮಾತಾಡಿದ ಹಾಗೇ ಬರೆದುಕೊಟ್ಟಿದ್ದೇನೆ.)



ಹೋದ ಸೆಪ್ಟೆಂಬರ್ ಸೆಖೆಯಲ್ಲಿ ನಿಮ್ಮಲ್ಲಿ ಎಂಟು ಜನ ಎರಡು ಶುಕ್ರವಾರ ನನ್ನ ರೂಮಿಗೆ ಬಂದಿರಿ. ಎಸಿ ಆಫ್ ಮಾಡಿಕೊಂಡು ಕೂತು, ಬೆವರು ಒರೆಸಿಕೊಳ್ಳುತ್ತಾ, ಮೈಕಿನ ಮುಂದೆ ಒಂದೊಂದೇ ಪದ ಹೇಳಿ ಹೋದಿರಿ. ಆವತ್ತಿಂದ ಸಿಕ್ಕಾಗಲೆಲ್ಲ ‘ಏನಾಯ್ತು ನಿನ್ನ ಪೋಸ್ಟರು’ ಅಂತ ಕೇಳ್ತಾನೇ ಇದ್ದೀರಿ. ಅದು ವಾಪಸ್ ಬಂತು. ವಾಪಸ್ ಕಳಿಸಿದವರ ಮಾತು ಸರಿಯಾಗೇ ಇತ್ತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಯುಗಾದಿ ಊಟದ ದಿನ ನಾನು ಉತ್ಸಾಹದಲ್ಲಿ ‘ಧಾರವಾಡ ಕಡೆಯವರು ಬಾಯಿ ಮುಚ್ಚಿಕೊಂಡು ಸ್ವರ ಹೇಳ್ತಾರೆ, ಅಳೆದು ನೋಡಿದೀನಿ’ ಅಂದುಬಿಟ್ಟೆ. ಅದು ನಗೆಚಾಟಿಕೆಯಾಯ್ತು. ‘ಬಾಯಿ ಬಿಡದವರು’ ಅನ್ನೋ ಅಡ್ಡಹೆಸರು ನಾಲ್ಕು ಜನರ ಮೇಲೆ ಕೂತಿದೆ. ಆ ಮಾತು ತಪ್ಪು. ಹೇಗೆ ತಪ್ಪಾಯ್ತು ಅಂತ ಹೇಳೋದಕ್ಕೇ ಇವತ್ತು ನಿಂತಿದೀನಿ.

ಮೊದಲು ಪೋಸ್ಟರ್ ಅಂದರೇನು ಅಂತ ಹೇಳಿಬಿಡ್ತೀನಿ, ಸಿನಿಮಾ ಪೋಸ್ಟರ್ ಅಂದುಕೊಂಡವರೂ ಇದ್ದಾರೆ. ವಿದ್ವಾಂಸರ ಸಮ್ಮೇಳನದಲ್ಲಿ ಎಲ್ಲರಿಗೂ ವೇದಿಕೆ ಸಿಗಲ್ಲ. ಸಣ್ಣ ಕೆಲಸ ಮಾಡಿದವರು ಒಂದು ದೊಡ್ಡ ಹಾಳೆಯಲ್ಲಿ ಅದನ್ನು ಅಚ್ಚುಹಾಕಿಸಿ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ನಿಂತು ಬಂದವರಿಗೆ ವಿವರಿಸಬೇಕು. ಆ ಜಾಗ ಸಿಗಬೇಕಾದರೆ ಮೊದಲು ಒಂದು ಪುಟದೊಳಗೆ ಸಾರಾಂಶ ಬರೆದು ಕಳಿಸಬೇಕು: ಪ್ರಶ್ನೆ ಏನು, ಯಾರನ್ನು ಅಳೆದೆ, ಹೇಗೆ ಅಳೆದೆ, ಏನು ಸಿಕ್ಕಿತು. ನಾನು ಓದಿದ್ದು ವಾಕ್ ಮತ್ತು ಶ್ರವಣ, ಇಲ್ಲಿ ಮಾಡೋದು ಕಿವಿ ಪರೀಕ್ಷೆ. ಹಳೇ ಓದಿನ ಚಪಲ ಬಿಡಲಿಲ್ಲ.

ಪ್ರಶ್ನೆ ಹುಟ್ಟಿದ್ದು ಖರ್ಜೂರದ ತೋಟದಲ್ಲಿ. ಧಾರವಾಡ ಕಡೆಯ ಅಣ್ಣ ಒಬ್ಬರು ‘ಕತ್ತಿ ಬಂತ್ ನೋಡ್ರಿ ಗೇಟಿನೊಳಗ’ ಅಂದರು. ಕುಂದಾಪುರದ ಹುಡುಗ ಕಾಯಿ ಸುಲಿಯೋ ಕತ್ತಿ ಯಾರು ತಂದ್ರು ಅಂತ ನೋಡಿದ. ಬಂದಿದ್ದು ಕತ್ತೆ. ನಮಗೆಲ್ಲ ಗೊತ್ತಿರೋದೇ ಇದು: ಮೈಸೂರು ಕಡೆ ಮನೆ, ತಲೆ, ಕತ್ತೆ, ಧಾರವಾಡ ಕಡೆ ಮನಿ, ತಲಿ, ಕತ್ತಿ. ಪದದ ಕೊನೆಯ ‘ಎ’ ಅಲ್ಲಿ ‘ಇ’ ಆಗುತ್ತೆ. ಇದನ್ನು ಕಿವಿಯಿಂದ ಕೇಳಿ ಬರೆದವರು ಇದ್ದಾರೆ. ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಆರ್. ಮಹದೇವನ್ ಅವರ ಗುಲ್ಬರ್ಗ ಕನ್ನಡದ ಪುಸ್ತಕ ತಂದಿತು. ಕನ್ನಡದ ಸದ್ದುಗಳನ್ನು ಯಂತ್ರ ಇಟ್ಟು ಅಳೆದ ಬಿ. ಬಿ. ರಾಜಪುರೋಹಿತರ ಪುಸ್ತಕ 1982ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ ಬಂತು. ನಾನು ಕೇಳಿಕೊಂಡ ಪ್ರಶ್ನೆ ಇಷ್ಟೇ: ಧಾರವಾಡದವರ ಬಾಯಲ್ಲಿ ಕತ್ತೆಯ ಕೊನೆ ಸ್ವರ ನಿಜವಾಗಿ ಪೂರಾ ‘ಇ’ ಆಗಿದೆಯಾ, ಅಥವಾ ‘ಎ’ಗೂ ‘ಇ’ಗೂ ನಡುವೆ ಎಲ್ಲೋ ನಿಂತಿದೆಯಾ? ಮೈಸೂರು ಕಡೆ ಕಿವಿಗೆ ಎರಡೇ ಡಬ್ಬ ಇರೋದು. ನಡುವಿನದ್ದು ಬಂದರೂ ಅದನ್ನು ಒಂದು ಡಬ್ಬಕ್ಕೆ ಹಾಕಿಬಿಡುತ್ತೆ. ಅದಕ್ಕೇ ಅಳೆಯಬೇಕು.

ಅಳೆಯೋದು ಏನನ್ನು? ನೀರಿನ ಬಾಟಲಿ ತುಂಬುವಾಗ ಸದ್ದು ಕೇಳಿದೀರಲ್ಲ, ನೀರು ಏರಿದ ಹಾಗೆ ಸದ್ದು ತೆಳ್ಳಗಾಗುತ್ತೆ. ಒಳಗಿರೋ ಗಾಳಿಯ ಜಾಗ ಬದಲಾದರೆ ಸದ್ದು ಬದಲಾಗುತ್ತೆ. ನಮ್ಮ ಗಂಟಲಿಂದ ತುಟಿವರೆಗಿನ ದಾರಿಯೂ ಹಾಗೇ ಒಂದು ಕೊಳವೆ. ಗಂಟಲಲ್ಲಿ ಹುಟ್ಟಿದ ಸದ್ದಿನಲ್ಲಿ ಕೆಲವು ಭಾಗಗಳನ್ನು ಈ ಕೊಳವೆ ಎತ್ತಿ ಹಿಡಿಯುತ್ತೆ. ಆ ಭಾಗಗಳಿಗೆ ಫಾರ್ಮೆಂಟ್ ಅಂತ ಹೆಸರು. ಇವತ್ತಿಗೆ ಮೊದಲನೆಯದೊಂದು ಸಾಕು. ಬಾಯಿ ಹೆಚ್ಚು ತೆರೆದರೆ ಮೊದಲ ಫಾರ್ಮೆಂಟ್ ಮೇಲೇರುತ್ತೆ, ಮುಚ್ಚಿದರೆ ಕೆಳಗಿಳಿಯುತ್ತೆ. ‘ಆ’ಗೆ ಹೆಚ್ಚು, ‘ಇ’ಗೆ ಕಡಿಮೆ, ‘ಎ’ ನಡುವೆ.

ನಾನು ಮಾಡಿದ್ದು ಹೀಗೆ. ನಾಲ್ಕು ಜನ ಧಾರವಾಡ ಕಡೆಯವರು, ನಾಲ್ಕು ಜನ ಮೈಸೂರು ಕಡೆಯವರು. ಎಲ್ಲ ಸ್ವರಗಳ ಮೊದಲ ಫಾರ್ಮೆಂಟ್ ಅಳೆದೆ, ಎರಡು ಗುಂಪಿನ ಸರಾಸರಿ ತೆಗೆದೆ. ಧಾರವಾಡದ ಗುಂಪಿನ ಅಂಕಿ ಪ್ರತಿಯೊಂದು ಸ್ವರದಲ್ಲೂ ಕೆಳಗಿತ್ತು. ಕೆಳಗಿದ್ದರೆ ಬಾಯಿ ಮುಚ್ಚಿದ ಹಾಗೆ, ಅಲ್ವಾ? ಅದನ್ನೇ ಬರೆದು ಕಳಿಸಿದೆ.

ಸಾರಾಂಶ ಓದಿದವರು ಒಂದೇ ಸಾಲು ಬರೆದಿದ್ದರು: ಇದು ಊರಿನ ವ್ಯತ್ಯಾಸವೋ, ಗಂಟಲಿನ ಉದ್ದದ ವ್ಯತ್ಯಾಸವೋ?

ಓದಿ ತಲೆ ಚಚ್ಚಿಕೊಂಡೆ. ಲೆಕ್ಕ ಮಾಡಿ ನೋಡೋಣ. ಗಂಡಸಿನ ಆ ಕೊಳವೆ ಸುಮಾರು ಹದಿನೇಳೂವರೆ ಸೆಂಟಿಮೀಟರ್. ಒಂದು ತುದಿ ಮುಚ್ಚಿ ಒಂದು ತುದಿ ತೆರೆದ ಕೊಳವೆಯ ಮೊದಲ ಸದ್ದು ಸಿಗಬೇಕಾದರೆ ಗಾಳಿಯಲ್ಲಿ ಸದ್ದಿನ ವೇಗವನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ ಭಾಗಿಸಬೇಕು. ಬಿಸಿ ಉಸಿರಲ್ಲಿ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. 350ನ್ನು 0.7ರಿಂದ ಭಾಗಿಸಿದರೆ 500 ಹರ್ಟ್ಜ್. ಇನ್ನೊಬ್ಬನ ಕೊಳವೆ 16 ಸೆಂಟಿಮೀಟರ್ ಅನ್ನಿ. 350ನ್ನು 0.64ರಿಂದ ಭಾಗಿಸಿ, ಸುಮಾರು 547 ಬಂತು. ಇಬ್ಬರೂ ಬಾಯನ್ನು ಒಂದೇ ಥರ ಇಟ್ಟಿದ್ದಾರೆ. ಒಂದೂವರೆ ಸೆಂಟಿಮೀಟರ್‌ಗೆ ನೂರಕ್ಕೆ ಒಂಬತ್ತು ಹೆಚ್ಚಾಯ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಪೀಟರ್ಸನ್ ಮತ್ತು ಬಾರ್ನಿ 76 ಜನರನ್ನು ಅಳೆದು 1952ರಲ್ಲಿ ಅಚ್ಚುಹಾಕಿಸಿದ ಪಟ್ಟಿಯಲ್ಲೂ ಇದೇ ಕಾಣುತ್ತೆ: ನಮ್ಮ ‘ಆ’ಗೆ ಹತ್ತಿರದ ಒಂದು ಸ್ವರಕ್ಕೆ ಗಂಡಸರ ಮೊದಲ ಫಾರ್ಮೆಂಟ್ 730, ಹೆಂಗಸರದ್ದು 850. ಹೆಂಗಸರ ಭಾಷೆ ಬೇರೆ ಅಂತ ಯಾರೂ ಅನ್ನಲ್ಲ.

ಈಗ ನಮ್ಮ ಎಂಟು ಜನರನ್ನು ನೆನಪು ಮಾಡಿಕೊಳ್ಳಿ. ಧಾರವಾಡ ಕಡೆಯ ನಾಲ್ಕೂ ಜನ ರೂಮಿನ ಬಾಗಿಲಲ್ಲಿ ತಲೆ ತಗ್ಗಿಸಿ ಬರೋರು. ಮೈಸೂರು ಕಡೆಯ ನಾವು, ನನ್ನೂ ಸೇರಿಸಿ, ಹಾಗಿಲ್ಲ. ಆಳು ಎತ್ತರ ಇದ್ದರೆ ಸಾಮಾನ್ಯವಾಗಿ ಕೊಳವೆಯೂ ಉದ್ದ. ನಾನು ಅಳೆದದ್ದು ಕನ್ನಡವನ್ನಲ್ಲ, ಎತ್ತರವನ್ನ.

ಇದು ನನಗೆ ಮೊದಲೇ ಗೊತ್ತಾಗಬೇಕಿತ್ತು, ಗುರುತು ಕಣ್ಣ ಮುಂದೇ ಇತ್ತು. ಎಲ್ಲ ಸ್ವರಗಳೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಪಾಲಿನಷ್ಟು ಇಳಿದಿದ್ದವು. ಊರಿನ ಮಾತು ಹಾಗೆ ಮಾಡಲ್ಲ. ಅದು ಒಂದು ಸ್ವರವನ್ನು ಎಳೆಯುತ್ತೆ, ಪಕ್ಕದ್ದನ್ನು ಬಿಡುತ್ತೆ. ‘ಆ’ ಕೂಡ ‘ಇ’ ಕೂಡ ಒಟ್ಟಿಗೆ ಇಳಿದರೆ ಅದು ಗಂಟಲು.

ಹಾಗಾದರೆ ದಾರಿ ಏನು? ಅಂಕಿಗಳನ್ನು ಸರಿದೂಗಿಸೋ ಸೂತ್ರಗಳಿವೆ. ಲೊಬಾನೋವ್ ಅನ್ನೋರು 1971ರಲ್ಲಿ ಕೊಟ್ಟದ್ದು ಇವತ್ತಿಗೂ ಬಳಕೆಯಲ್ಲಿದೆ. ಒಬ್ಬೊಬ್ಬನ ಅಂಕಿಗಳನ್ನೂ ಅವನದೇ ಸರಾಸರಿಯಿಂದ ಎಷ್ಟು ದೂರ ಅಂತ ಬರೆಯೋದು. ನಮ್ಮ ಪ್ರಶ್ನೆಗೆ ಇನ್ನೂ ಸುಲಭದ ದಾರಿ ಇದೆ. ಒಬ್ಬನ ಎರಡು ಸ್ವರವನ್ನು ಅವನೊಳಗೇ ಹೋಲಿಸಿ. ಗಂಟಲು ಒಂದೇ ತಾನೆ.

ಮೈಸೂರಿನವನೊಬ್ಬನ ಕತ್ತೆಯ ಕೊನೆ ಸ್ವರ 450, ಹತ್ತಿಯ ಕೊನೆ ಸ್ವರ 300 ಅಂತ ಇಟ್ಟುಕೊಳ್ಳಿ, ಇದು ಬರೀ ಉದಾಹರಣೆ. 450ನ್ನು 300ರಿಂದ ಭಾಗಿಸಿದರೆ ಒಂದೂವರೆ. ಅವನ ಗಂಟಲು ಉದ್ದವಾಗಿ ಎರಡೂ ಅಂಕಿ ನೂರಕ್ಕೆ ಹತ್ತು ಇಳಿದು 405, 270 ಆದರೂ ಉತ್ತರ ಒಂದೂವರೆಯೇ. ಗಂಟಲು ಲೆಕ್ಕದಿಂದ ಹೊರಗೆ ಹೋಯ್ತು. ಧಾರವಾಡದವನಿಗೆ ಉತ್ತರ ಒಂದಕ್ಕೆ ಹತ್ತಿರ ಬಂದರೆ ಎರಡೂ ಸ್ವರ ಒಂದಾಗಿವೆ. ಒಂದೂಕಾಲು ಬಂದರೆ, ನಮ್ಮ ಕಿವಿಗೆ ‘ಇ’ ಅನಿಸಿದರೂ ಅವನ ನಾಲಿಗೆ ಇನ್ನೂ ಬೇರೆ ಇಟ್ಟಿದೆ. ಇಂಥದ್ದು ಇರುತ್ತೆ. ಆಡೋರ ಕಿವಿಗೇ ಗೊತ್ತಾಗದ ವ್ಯತ್ಯಾಸ ಅವರ ಬಾಯಲ್ಲಿ ಉಳಿದಿರೋದನ್ನು ವಿಲಿಯಂ ಲಬೋವ್ ಇಂಗ್ಲಿಷಿನಲ್ಲಿ ತೋರಿಸಿದ್ದಾರೆ. ಆದರೆ ಒಂದೇ ಪದವನ್ನು ಒಬ್ಬನೇ ಹತ್ತು ಸಲ ಹೇಳಿದಾಗ ಅಂಕಿ 280ರಿಂದ 320ರವರೆಗೆ ಓಡಾಡಿದರೆ, 290ಕ್ಕೂ 305ಕ್ಕೂ ವ್ಯತ್ಯಾಸ ಇದೆ ಅನ್ನೋ ಹಾಗಿಲ್ಲ. ಅದಕ್ಕೇ ಹತ್ತು ಸಲ ಹೇಳಿಸೋದು, ಬೇಜಾರು ಮಾಡ್ಕೋಬೇಡಿ.

ಕತ್ತಿ ಬಿಟ್ಟು ಹತ್ತಿ ಯಾಕೆ ಅಂತ ಕೇಳಬಹುದು. ಕತ್ತಿಯ ಚಿತ್ರ ತೋರಿಸಿದರೆ ಒಬ್ಬರು ತಲವಾರ ಅಂತಾರೆ, ಒಬ್ಬರು ಖಡ್ಗ ಅಂತಾರೆ. ಹತ್ತಿಗೆ ಎಲ್ಲ ಕಡೆ ಹತ್ತಿಯೇ, ಮೊದಲಿಂದಲೂ ‘ಇ’ಯೇ. ಎರಡು ಪದದಲ್ಲೂ ಸ್ವರದ ಹಿಂದೆ ಅದೇ ‘ತ್ತ’ ಇದೆ. ಹೋದ ಸಲ ನಾನು ಮನೆ, ದನಿ ಅಂತ ಹೇಳಿಸಿದ್ದೆ, ಅದೂ ತಪ್ಪು. ‘ನ’ ಆದಮೇಲೆ ಮೂಗಿನ ದಾರಿ ಸ್ವಲ್ಪ ತೆರೆದೇ ಇರುತ್ತೆ, ಮೂಗಿನ ಸದ್ದು ಮೊದಲ ಫಾರ್ಮೆಂಟಿನ ಮೇಲೇ ಕೂತು ಅಂಕಿ ಕೆಡಿಸುತ್ತೆ.

ಚಿತ್ರ ಯಾಕೆ ಅಂದರೆ, ಹೋದ ಸಲ ಕಾಗದದಲ್ಲಿ ಬರೆದು ಓದಿಸಿದ್ದೆ. ‘ಕತ್ತೆ’ ಅಂತ ಬರೆದದ್ದನ್ನು ನೋಡಿ ಧಾರವಾಡದ ಅಣ್ಣಂದಿರು ಮೇಷ್ಟ್ರ ಮುಂದೆ ನಿಂತ ಹಾಗೆ ಶುದ್ಧವಾಗಿ ‘ಕತ್ತೆ’ ಅಂದರು. ರೆಕಾರ್ಡಿಂಗ್ ಮುಗಿಸಿ ಚಾ ಕುಡೀತಾ ‘ಆ ಕತ್ತಿ ಮತ್ತ ಬಂದಿತ್ತೇನ್ರಿ’ ಅಂದರು. ಬೇಕಾದ ಸ್ವರ ಚಾ ಲೋಟದಲ್ಲಿ ಹೋಯ್ತು.

‘ಊರಲ್ಲಿ ಅವ್ವನ ಮಾತೇ ಬೇಕಾದ್ರ ಫೋನಿನ್ಯಾಗ ರೆಕಾರ್ಡ್ ಮಾಡ್ಕೋ’ ಅಂತ ಒಬ್ಬರು ಅಂದಿದ್ದರು. ಆಗಲ್ಲ ಅಣ್ಣ. ಮಾಮೂಲಿ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಜ್‌ವರೆಗೆ ಮಾತ್ರ ಬಿಡುತ್ತೆ. ಗಂಡಸರ ‘ಇ’ಯ ಮೊದಲ ಫಾರ್ಮೆಂಟ್ ಇರೋದೇ 300ರ ಅಂಚಲ್ಲಿ. ಕೆಳಗಿನದ್ದು ಕತ್ತರಿಸಿದಾಗ ಅಂಕಿ ಸುಳ್ಳಾಗಿ ಮೇಲೆ ಕಾಣುತ್ತೆ, ‘ಇ’ ಅನ್ನೋದು ‘ಎ’ ಕಡೆಗೆ ಸರಿದ ಹಾಗೆ. ನಮಗೆ ಬೇಕಾದ ಜಾಗದಲ್ಲೇ ಪೆಟ್ಟು.

ಅಳೆಯೋ ಪ್ರೋಗ್ರಾಮ್ ಬಿಟ್ಟಿ ಸಿಗುತ್ತೆ, Praat ಅಂತ, ಆಮ್‌ಸ್ಟರ್‌ಡ್ಯಾಮಿನ ಬೂರ್ಸ್ಮಾ ಮತ್ತು ವೇನಿಂಕ್ ಮಾಡಿದ್ದು. ಅದರಲ್ಲಿ `Formant ceiling (Hz)` ಅನ್ನೋ ಕಡೆ ತಾನಾಗೇ 5500 ಇರುತ್ತೆ, ಅದು ಹೆಂಗಸರ ಗಂಟಲಿಗೆ ಹೊಂದುವಂಥದ್ದು. ಗಂಡಸರಿಗೆ 5000 ಮಾಡಬೇಕು. ಮರೆತರೆ ಹತ್ತಿರ ಹತ್ತಿರ ಇರೋ ಎರಡು ಫಾರ್ಮೆಂಟನ್ನು ಅದು ಒಂದೇ ಅಂತ ತೋರಿಸಿಬಿಡಬಹುದು. ಪರದೆಯ ಮೇಲೆ ಕೆಂಪು ಚುಕ್ಕಿಗಳು ಕಪ್ಪು ಪಟ್ಟಿಯ ಮೇಲೆ ಕೂರದೆ ನಡುವೆ ತೇಲುತ್ತಿದ್ದರೆ ಅಂಕಿ ನಂಬಬಾರದು.

ಹೊಸ ಸಾರಾಂಶದಲ್ಲಿ ನಾನು ಹೇಳಬಹುದಾದದ್ದು ತೀರಾ ಸಣ್ಣದು. ಎಂಟೇ ಜನ, ಎಲ್ಲ ಗಂಡಸರು, ವರ್ಷಗಟ್ಟಲೆ ಒಂದೇ ಕ್ಯಾಂಪಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಅಂಟಿಸಿಕೊಂಡವರು. ಧಾರವಾಡ ಜಿಲ್ಲೆಯ ಮಾತು ಹೀಗೆ ಅಂತ ಇದರಿಂದ ಹೇಳೋಕೆ ಬರಲ್ಲ. ಈ ನಾಲ್ಕು ಜನರ ಬಾಯಲ್ಲಿ ಕತ್ತೆಯೂ ಹತ್ತಿಯೂ ಪ್ರಾಸ ಕೂಡುತ್ತವೋ ಇಲ್ಲವೋ, ಅಷ್ಟೇ. ಸರಾಸರಿಯಲ್ಲಿ ಮುಚ್ಚದೆ ಎಂಟೂ ಜನರ ಅಂಕಿಯನ್ನು ಬೇರೆ ಬೇರೆ ಚುಕ್ಕಿಯಾಗಿ ಹಾಕ್ತೀನಿ.

ಬಾಯಿ ಬಿಡದವರು ಅಂತ ಯಾರೂ ಇಲ್ಲ. ಯುಗಾದಿ ದಿನ ನಾನು ಆಡಿದ ಮಾತನ್ನ ಎಲ್ಲರ ಮುಂದೆ ವಾಪಸ್ ತಗೋತೀನಿ. ಆ ನಾಲ್ಕು ಅಣ್ಣಂದಿರಲ್ಲಿ ಇಬ್ಬರು ಆವತ್ತಿಂದ ನನ್ನ ರೂಮಿಗೆ ಬಂದಿಲ್ಲ. ಇವತ್ತು ಇಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದಾರೆ. ಚಿತ್ರಗಳನ್ನು ಪ್ರಿಂಟ್ ಹಾಕಿಸಿದೀನಿ: ಕತ್ತೆ, ಹತ್ತಿ, ಅತ್ತೆ, ದೀಪದ ಬತ್ತಿ, ನಡುವೆ ಯಾವುದು ಮುಖ್ಯ ಅಂತ ಗೊತ್ತಾಗದ ಹಾಗೆ ಮರ, ಹಾವು, ಲಾರಿ. ಮುಂದಿನ ಶುಕ್ರವಾರ ನಮಾಜಿನ ಹೊತ್ತು ಕಳೆದ ಮೇಲೆ ಶುರು. ಎಸಿ ಮತ್ತೆ ಆಫ್ ಇರುತ್ತೆ. ಚಾ ಕುಡಿಯುವಾಗಲೂ ಮೈಕ್ ಆನ್ ಇರುತ್ತೆ, ಅದನ್ನ ಮೊದಲೇ ಹೇಳಿಬಿಟ್ಟಿದೀನಿ.